ಕೇಳಿದ್ದು 3 ಲಕ್ಷ, ಕಾಗದದಲ್ಲಿ 3,14,160: ಪರ್ಸನಲ್ ಲೋನ್ ಜೊತೆ ಬರುವ ವಿಮೆ ನೋಡಿಕೊಳ್ಳಿ

ಪರ್ಸನಲ್ ಲೋನ್ ದುಡ್ಡು ಖಾತೆಗೆ ಬಿದ್ದ ದಿನ ಎಲ್ಲರೂ ನೋಡುವುದು ಎಷ್ಟು ಬಂತು ಅಂತ. ಸಾಲಗಾರರಿಗೆ ಏನಾದರೂ ಆದರೆ ಸಾಲ ತೀರಲಿ ಅಂತ ಜೊತೆಗೆ ವಿಮೆ ಸೇರಿಸಿದ್ದು ಅಲ್ಲಿ ಗೊತ್ತಾಗುವುದೇ ಇಲ್ಲ. ಪ್ರೀಮಿಯಂ ಕೈಗೆ ಬರುವ ಹಣದಲ್ಲಿ ಕಡಿಮೆಯಾಗಿರುವುದಿಲ್ಲ, ತೀರಿಸಬೇಕಾದ ಅಸಲಿನ ಮೇಲೆ ಏರಿ ಕೂತಿರುತ್ತದೆ.

ಹಾಸನದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಹೆಣ್ಣುಮಗಳೊಬ್ಬರ ಲೆಕ್ಕ ನೋಡಿ. ಕೇಳಿದ ಸಾಲ 3,00,000, ಬಡ್ಡಿ ವರ್ಷಕ್ಕೆ ಶೇ. 16, ಅವಧಿ 48 ತಿಂಗಳು. ಖಾತೆಗೆ ಬಂದದ್ದು 2,92,586. ಪ್ರೊಸೆಸಿಂಗ್ ಫೀ ಶೇ. 2, ಅದರ ಮೇಲೆ ಜಿಎಸ್‌ಟಿ ಅಂತ ಮೊದಲೇ ಹೇಳಿದ್ದರು. ಏಳು ಸಾವಿರ ಚಿಲ್ಲರೆ ಹೋಗಿದೆ, ಸರಿಯಾಗಿದೆ ಅಂದುಕೊಂಡರು. ಆದರೆ ಮಂಜೂರಾದ ಸಾಲ 3,14,160. ಅದರಲ್ಲಿ 14,160 ವಿಮೆಯ ಪ್ರೀಮಿಯಂ, ಇಡೀ ಅವಧಿಗೆ ಒಂದೇ ಸಲ ಕಟ್ಟಿದ್ದು. ಫೀ ಕೂಡ ಈ ದೊಡ್ಡ ಮೊತ್ತದ ಮೇಲೆ ಲೆಕ್ಕ ಹಾಕಿದ್ದರಿಂದ 7,080 ಆಗಬೇಕಾದದ್ದು 7,414 ಆಗಿದೆ.

ಕಂತಿನಲ್ಲಿ ಮಾತ್ರ ಇದು ಬಯಲಾಗುತ್ತದೆ. 3 ಲಕ್ಷಕ್ಕೆ ತಿಂಗಳಿಗೆ 8,502 ಬರಬೇಕು. ಇವರಿಗೆ ಬಂದದ್ದು 8,903. ತಿಂಗಳಿಗೆ 401 ಹೆಚ್ಚು ಅಂದರೆ 48 ಕಂತಿಗೆ ಸುಮಾರು 19,260. ಹದಿನಾಲ್ಕು ಸಾವಿರದ ವಿಮೆಗೆ ಐದು ಸಾವಿರ ಬಡ್ಡಿ ಬೇರೆ.

ಸೇರಿಸುವ ಜಾಗ ಓಟಿಪಿ. ಶಾಖೆಯ ಹುಡುಗ ಟ್ಯಾಬ್ ಹಿಡಿದು 'ಓಟಿಪಿ ಬಂತಾ ಅಕ್ಕಾ, ಹೇಳಿ' ಅನ್ನುತ್ತಾನೆ. ಒಂದು ಸಾಲದ ಒಪ್ಪಂದಕ್ಕೆ, ಇನ್ನೊಂದು ವಿಮೆಗೆ ಇರಬಹುದು, ಮೆಸೇಜ್ ಓದದೆ ಅಂಕಿ ಮಾತ್ರ ಹೇಳಿದರೆ ಎರಡಕ್ಕೂ ಒಪ್ಪಿಗೆ ಆಯಿತು. ಕೇಳಿದರೆ 'ವಿಮೆ ಕಡ್ಡಾಯ, ಇಲ್ಲದಿದ್ದರೆ ಸಾಲ ಆಗಲ್ಲ' ಅನ್ನುವವರೂ ಇದ್ದಾರೆ. ಪರ್ಸನಲ್ ಲೋನ್‌ಗೆ ವಿಮೆ ಕಡ್ಡಾಯ ಅನ್ನುವ ಕಾನೂನು ಇಲ್ಲ. ಹಾಗಂದರೆ ಆ ಮಾತನ್ನು ಇಮೇಲ್‌ನಲ್ಲಿ ಬರೆದು ಕೊಡಿ ಅನ್ನಿ. ಸಾಮಾನ್ಯವಾಗಿ ಬರೆದು ಕೊಡುವುದಿಲ್ಲ.

ಸಹಿಗೆ ಮುಂಚೆ ಕೇಳಬೇಕಾದ ಕಾಗದ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್, ಕೆಎಫ್‌ಎಸ್, ಅಂದರೆ ಸಾಲದ ದರ, ಶುಲ್ಕ, ಕಂತು ಒಂದೇ ಕಡೆ ಬರೆದಿರುವ ಕಾಗದ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಹೊಸ ರಿಟೇಲ್ ಸಾಲಗಳಿಗೆ ಇದನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ, ಕನ್ನಡದಲ್ಲೇ ಕೇಳಿ. ಸಾಲ ಕೊಡುವವರು ವಿಮೆ ಕಂಪನಿ ಪರವಾಗಿ ವಸೂಲು ಮಾಡುವ ಹಣವೂ ಅದರಲ್ಲಿ ಇರಬೇಕು, ಎಪಿಆರ್ ಅನ್ನುವ ಒಟ್ಟು ವಾರ್ಷಿಕ ದರದಲ್ಲೂ ಸೇರಿರಬೇಕು. ಕೆಎಫ್‌ಎಸ್‌ನಲ್ಲಿ ಇಲ್ಲದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ. ಇಡೀ ಕಾಗದ ಓದಲು ಪುರುಸೊತ್ತಿಲ್ಲ ಅಂದರೂ ಎರಡು ಕಡೆ ಕಣ್ಣು ಹಾಯಿಸಿ: ಮಂಜೂರಾದ ಮೊತ್ತ ನೀವು ಕೇಳಿದಷ್ಟೇ ಇದೆಯಾ, ಕಂತಿನ ಪಟ್ಟಿಯ ಮೊದಲ ಸಾಲಿನಲ್ಲಿ ತೀರಿಸಬೇಕಾದ ಒಟ್ಟು ಅಸಲು ಎಷ್ಟಿದೆ.

ಆಗಲೇ ಸಾಲ ಆಗಿಹೋಗಿದ್ದರೆ ಇಮೇಲ್‌ನಲ್ಲಿ ಸರ್ಟಿಫಿಕೇಟ್ ಆಫ್ ಇನ್ಶೂರೆನ್ಸ್ ಹುಡುಕಿ. ಇದು ಸಾಮಾನ್ಯವಾಗಿ ಸಾಲಗಾರರನ್ನೆಲ್ಲ ಒಟ್ಟಿಗೆ ಸೇರಿಸುವ ಗ್ರೂಪ್ ಪಾಲಿಸಿಯಾದ್ದರಿಂದ ನಿಮ್ಮ ಹೆಸರಿಗೆ ಬೇರೆ ಬಾಂಡ್ ಬರುವುದಿಲ್ಲ, ಈ ಸರ್ಟಿಫಿಕೇಟ್ ಮಾತ್ರ. ಏಜೆಂಟ್ ತನ್ನದೇ ಇಮೇಲ್ ಐಡಿ ಹಾಕಿದ್ದರೆ ಅದೂ ನಿಮಗೆ ಸಿಕ್ಕಿರುವುದಿಲ್ಲ, ಶಾಖೆಯಲ್ಲಿ ಪ್ರತಿ ಕೇಳಿ. ಅದು ಕೈಗೆ ಬಂದ ದಿನದಿಂದ 30 ದಿನ ಫ್ರೀ ಲುಕ್ ಅವಧಿ. ಅಷ್ಟರೊಳಗೆ ರದ್ದು ಮಾಡಿದರೆ, ಕಳೆದ ದಿನಗಳ ರಿಸ್ಕ್ ಪ್ರೀಮಿಯಂ, ಸ್ಟ್ಯಾಂಪ್ ಡ್ಯೂಟಿ, ವೈದ್ಯಕೀಯ ಪರೀಕ್ಷೆ ಮಾಡಿಸಿದ್ದರೆ ಅದರ ಖರ್ಚು ಹಿಡಿದು ಉಳಿದದ್ದು ವಾಪಸ್ ಬರುತ್ತದೆ. ಅವಧಿ ಒಂದು ವರ್ಷಕ್ಕಿಂತ ಕಡಿಮೆ ಇರುವ ಅಪಘಾತ ವಿಮೆಯಾಗಿದ್ದರೆ ಈ ಸೌಲಭ್ಯ ಇಲ್ಲದಿರಬಹುದು, ಸರ್ಟಿಫಿಕೇಟ್‌ನಲ್ಲೇ ನೋಡಿಕೊಳ್ಳಿ.

ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ. ವಿಮೆ ಕಂಪನಿಗೂ ಸಾಲ ಕೊಟ್ಟವರಿಗೂ ಒಂದೇ ಇಮೇಲ್ ಹಾಕಿ, 'ಪಾಲಿಸಿ ರದ್ದು ಮಾಡಿ, ಹಣವನ್ನು ಸಾಲದ ಅಸಲಿಗೆ ಜಮಾ ಮಾಡಿ, ಅದಕ್ಕೆ ಪಾರ್ಟ್ ಪೇಮೆಂಟ್ ಶುಲ್ಕ ಹಾಕಬೇಡಿ, ಕಂತು ಇಳಿಸಿದ ಹೊಸ ಪಟ್ಟಿ ಕೊಡಿ' ಅಂತ ಬರೆಯಿರಿ. ಇದು ಮುಖ್ಯ. ದುಡ್ಡು ಉಳಿತಾಯ ಖಾತೆಗೆ ಬಂದು ಖರ್ಚಾದರೆ, ಕಂತು 8,903 ಹಾಗೇ ನಡೆಯುತ್ತದೆ. ವಿಮೆಯೂ ಇಲ್ಲ, ಅದರ ಬಡ್ಡಿ ಮಾತ್ರ ಉಳಿಯುತ್ತದೆ.

30 ದಿನದಲ್ಲಿ ಉತ್ತರ ಬರದಿದ್ದರೆ ಸಾಲ ಕೊಟ್ಟವರ ಮೇಲೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಕೊಡಬಹುದು, ಶುಲ್ಕ ಇಲ್ಲ. ವಿಮೆ ಕಂಪನಿ ಮೇಲಿನ ದೂರಿಗೆ ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್, ಸಹಾಯವಾಣಿ 155255. ಇಮೇಲ್ ಪ್ರತಿ, ಕೆಎಫ್‌ಎಸ್, ಖಾತೆಗೆ ಹಣ ಬಂದ ದಿನದ ಸ್ಟೇಟ್‌ಮೆಂಟ್ ಇಟ್ಟುಕೊಳ್ಳಿ.

ವಿಮೆಯೇ ಕೆಟ್ಟದ್ದು ಅಂತಲ್ಲ. ಮನೆಯಲ್ಲಿ ದುಡಿಯುವವರು ಒಬ್ಬರೇ ಆದರೆ ಬೇಕಾಗಲೂಬಹುದು. ಆದರೆ ಇಟ್ಟುಕೊಳ್ಳುವುದಾದರೆ ಅದರ ಆರೋಗ್ಯ ಘೋಷಣೆ ಓದಿ. ಬಿಪಿ, ಶುಗರ್ ಇದ್ದರೂ ಕೇಳದೆಯೇ 'ಯಾವ ಕಾಯಿಲೆಯೂ ಇಲ್ಲ' ಅಂತ ಟಿಕ್ ಮಾಡಿರುತ್ತಾರೆ. ನಾಳೆ ಮನೆಯವರು ಕ್ಲೇಮ್ ಹಾಕಿದಾಗ ಆ ಟಿಕ್ಕನ್ನೇ ಹಿಡಿದು ತಿರಸ್ಕರಿಸಬಹುದು. ತಪ್ಪಿದ್ದರೆ ಈಗಲೇ ಬರೆದು ಸರಿಪಡಿಸಿ, ಸ್ವೀಕೃತಿ ತೆಗೆದುಕೊಳ್ಳಿ. ಸಾಲವನ್ನು ಮುಂಚೆಯೇ ತೀರಿಸಿದರೆ ಉಳಿದ ಅವಧಿಯ ಪ್ರೀಮಿಯಂ ಎಷ್ಟು ವಾಪಸ್ ಬರುತ್ತದೆ ಅಂತಲೂ ಸಾಲ ತೀರಿತು ಅನ್ನುವ ಎನ್‌ಒಸಿ ಪತ್ರ ತೆಗೆದುಕೊಳ್ಳುವ ದಿನವೇ ಕೇಳಿ. ಕೇಳದೆ ಅದನ್ನು ಕೊಡುವವರು ಕಡಿಮೆ.