ಬಣ್ಣದ ಮೇಲೆ ನೆರಳಿನ ಪದರ: ಗಿಂಪ್‌ನೊಂದಿಗೆ ಆರು ವರ್ಷ

ಚಿತ್ರದುರ್ಗದಲ್ಲಿ ನನ್ನದೊಂದು ಸಣ್ಣ ಫೋಟೊ ಸ್ಟುಡಿಯೊ ಇದೆ. ತಿಂಗಳ ಬಾಡಿಗೆ ಕಟ್ಟಿಕೊಂಡು ಬಳಸುವ ತಂತ್ರಾಂಶಕ್ಕೆ ನನ್ನ ವ್ಯಾಪಾರ ಒಗ್ಗದ ಕಾರಣ 2019ರಲ್ಲಿ ಉಚಿತವಾಗಿ ಸಿಗುವ ಗಿಂಪ್ ಹಾಕಿಕೊಂಡೆ. ಆಗ ಅದರ 2.10 ಆವೃತ್ತಿ ಇತ್ತು. ಪಾಸ್‌ಪೋರ್ಟ್ ಫೋಟೊ, ಮದುವೆ ಆಲ್ಬಮ್ ಮುಂತಾದ ಕೆಲಸಗಳಲ್ಲಿ ಅದು ಹೇಗಿದೆ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ಮಾಮೂಲಿ ಭಾವಚಿತ್ರದ ಮುಖಕ್ಕೆ ಬಯಲಾಟದ ಬಣ್ಣ ಬರೆದು, ತಲೆಗೆ ಕಿರೀಟ ಇಡುವ ಕೆಲಸದಲ್ಲಿ ಅದು ನನ್ನನ್ನು ಹೇಗೆ ಕಾಡಿತು, ಹೇಗೆ ಕೈಹಿಡಿಯಿತು ಎಂಬುದನ್ನಷ್ಟೇ ಹೇಳುತ್ತೇನೆ.

ಈ ಬೇಡಿಕೆ ನಮ್ಮ ಕಡೆ ಆಗಾಗ ಬರುತ್ತದೆ. ಹತ್ತಾರು ವರ್ಷ ದೊಡ್ಡಾಟದಲ್ಲಿ ವೇಷ ಕಟ್ಟಿದ ಹಿರಿಯರು ತೀರಿಕೊಂಡಿರುತ್ತಾರೆ, ವೇಷದಲ್ಲಿರುವ ಒಂದು ಫೋಟೊ ಕೂಡ ಮನೆಯಲ್ಲಿ ಇರುವುದಿಲ್ಲ. ಹೀಗೆ ಬಂದ ಹೆಣ್ಣುಮಗಳೊಬ್ಬರು ತಂದೆಯ ಫೋಟೊ ಕೊಟ್ಟು, ಕೌರವನ ವೇಷದಲ್ಲಿ ಬೇಕು ಎಂದರು. ಕಿಟಕಿಯ ಪಕ್ಕ ಕೂತು ತೆಗೆಸಿದ ಚಿತ್ರ; ಬೆಳಕು ನಮ್ಮ ಎಡಗಡೆ ಮೇಲಿನಿಂದ ಬಿದ್ದು, ಮೂಗಿನ ನೆರಳು ಬಲಗೆನ್ನೆಯ ಮೇಲೆ ಮೆತ್ತಗೆ ಹರಡಿತ್ತು. ಅಪ್ಪ ಬಣ್ಣ ಹಚ್ಚಿಕೊಳ್ಳುತ್ತಿದ್ದ ರೀತಿಯನ್ನು ಅವರಿಂದಲೇ ಕೇಳಿ ಬರೆದುಕೊಂಡೆ: ಮುಖಕ್ಕೆಲ್ಲ ಅರದಾಳ ಬೆರೆಸಿದ ನಸುಗೆಂಪು ಹಳದಿ, ಕೆನ್ನೆಗೆ ಇಂಗಳೀಕದ ಕೆಂಪು, ಹುಬ್ಬು ಮೀಸೆಗಳಿಗೆ ಕಾಡಿಗೆ, ಹುಬ್ಬಿನ ಮೇಲೆ ಸಫೇತದ ಬಿಳಿ ಚುಕ್ಕೆಗಳ ಸಾಲು.

ಮೊದಲ ಸಲ ನಾನು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಬಣ್ಣದ ಪದರವನ್ನು Multiply ವಿಧಾನಕ್ಕೆ ಇಟ್ಟರೆ ಕೆಳಗಿನ ನೆರಳು ತಾನಾಗಿ ಕಾಣುತ್ತದೆ ಎಂದುಕೊಂಡಿದ್ದೆ. ನೆರಳೇನೋ ಕಂಡಿತು, ಆದರೆ ಗೋಧಿಬಣ್ಣದ ಚರ್ಮದ ಜೊತೆ ಸೇರಿ ಹಳದಿಯು ಕೆಸರಿನಂತಾಯಿತು, ಬಿಳಿ ಚುಕ್ಕೆಗಳು ಮಾಯವಾದವು. Multiply ಎಂದರೆ ಕೆಳಗಿನದನ್ನು ಗಾಢಗೊಳಿಸುವುದು. ಬಿಳಿಗೆ ಅಲ್ಲಿ ಏನೂ ಕೆಲಸವಿಲ್ಲ. ನಿಜವಾದ ಬಣ್ಣಗಾರಿಕೆ ಹಾಗಿರುವುದಿಲ್ಲ. ಸಫೇತ ಬೆರೆತ ಬಣ್ಣವು ಚರ್ಮದ ಬಣ್ಣವನ್ನು ಪೂರ್ತಿ ಮುಚ್ಚುತ್ತದೆ, ಮುಖದ ಉಬ್ಬುತಗ್ಗನ್ನು ಮಾತ್ರ ಮುಚ್ಚುವುದಿಲ್ಲ.

ಇದು ಹೊಳೆದ ಮೇಲೆ ಕ್ರಮವನ್ನು ತಿರುಗಿಸಿದೆ. ಬಣ್ಣಗಳನ್ನೆಲ್ಲ ಬೇರೆ ಬೇರೆ ಪದರಗಳಲ್ಲಿ Normal ವಿಧಾನದಲ್ಲೇ, ಸುಮಾರು ತೊಂಬತ್ತು ಪ್ರತಿಶತ ಗಾಢವಾಗಿ ಬರೆಯುತ್ತೇನೆ. ಆಮೇಲೆ ಮೂಲ ಫೋಟೊದ ಪ್ರತಿಯೊಂದನ್ನು ತೆಗೆದು, ಬಣ್ಣ ಕಳೆದು ಬೂದುಗೊಳಿಸಿ, ಅದರಲ್ಲಿರುವ ಕುಂಕುಮ, ಹುಬ್ಬು, ಮೀಸೆಗಳನ್ನು ಪಕ್ಕದ ಚರ್ಮದಿಂದ ಅಳಿಸುತ್ತೇನೆ. ಅಳಿಸದಿದ್ದರೆ ಅವು ಹೊಸ ಬಣ್ಣದ ಮೇಲೆ ಕಲೆಗಳಾಗಿ ಕೂರುತ್ತವೆ. ಬೆಳಕು ಬಿದ್ದ ಭಾಗ ಬಿಳಿಯಾಗುವವರೆಗೆ Curves ಎತ್ತಿ, ಸ್ವಲ್ಪ ಮಸುಕುಗೊಳಿಸಿ, ಆ ಪದರವನ್ನು ಎಲ್ಲ ಬಣ್ಣಗಳ ಮೇಲಿಟ್ಟು ಅದಕ್ಕೆ ಮಾತ್ರ Multiply ಕೊಡುತ್ತೇನೆ. ಬಣ್ಣ ಹಚ್ಚಿದ ಜಾಗವನ್ನು ಬಿಟ್ಟು ಉಳಿದೆಡೆ ಅದನ್ನು ಮಾಸ್ಕ್‌ನಿಂದ ಮರೆಮಾಡಬೇಕು, ಇಲ್ಲದಿದ್ದರೆ ಕುತ್ತಿಗೆಗೆ ಎರಡು ಪಟ್ಟು ನೆರಳು ಬೀಳುತ್ತದೆ. ಹಣೆ ಮತ್ತು ಮೂಗಿನ ತುದಿಯ ಹೊಳಪಿಗೆ Screen ವಿಧಾನದ ತೆಳು ಪದರವೊಂದು ಸಾಕು. ಸಂಜೆ ಅಂಗಡಿಯ ಷಟರ್ ಅರ್ಧ ಇಳಿಸಿ, ಚಹಾ ತರಿಸಿಕೊಂಡು, ಈ ಪದರದ ಪಕ್ಕದ ಕಣ್ಣಿನ ಗುರುತನ್ನು ಒತ್ತಿ ಆರಿಸಿ ಹಚ್ಚಿ ನೋಡುವ ಆ ಹೊತ್ತು ನನಗೆ ಇವತ್ತಿಗೂ ಬಹಳ ಇಷ್ಟ. ಆರಿಸಿದಾಗ ಕಾಗದ ಕತ್ತರಿಸಿ ಅಂಟಿಸಿದಂತಿರುವ ಮುಖವು ಹಚ್ಚಿದ ಕೂಡಲೇ ದುಂಡಗಾಗುತ್ತದೆ.

ಬೇಸರ ತಂದದ್ದು Filters → Map → Displace. ಬೂದು ಚಿತ್ರವೊಂದನ್ನು ನಕ್ಷೆಯಾಗಿ ಕೊಟ್ಟರೆ, ಅದರ ತಿಳಿ ಭಾಗದಲ್ಲಿ ಗೆರೆಗಳನ್ನು ಒಂದು ದಿಕ್ಕಿಗೂ ಗಾಢ ಭಾಗದಲ್ಲಿ ಇನ್ನೊಂದು ದಿಕ್ಕಿಗೂ ಸರಿಸುವ ಸೌಲಭ್ಯವದು. ನಡುಬೂದು ಇದ್ದಲ್ಲಿ ಗೆರೆ ಅಲುಗುವುದಿಲ್ಲ. ಮುಖದ ಬೂದು ಪ್ರತಿಯನ್ನೇ ನಕ್ಷೆಯಾಗಿ ಕೊಟ್ಟರೆ ಬಣ್ಣದ ಗೆರೆ ಮುಖದ ಆಕಾರಕ್ಕೆ ಹೊಂದುತ್ತದೆ ಎಂದು ಕಲಿಸುವವರು ಹೇಳುತ್ತಾರೆ. ಆದರೆ ಅದು ನೋಡುವುದು ಬೆಳಕನ್ನೇ ಹೊರತು ಆಳವನ್ನಲ್ಲ. ಈ ಚಿತ್ರದಲ್ಲಿ ಬಲಗೆನ್ನೆ ಉಬ್ಬಿದ್ದರೂ ನೆರಳಿನಲ್ಲಿದ್ದ ಕಾರಣ, ಅದನ್ನು ಗುಳಿಯೆಂದೇ ಎಣಿಸಿ ಮೀಸೆಯ ತುದಿಯನ್ನು ಒಳಗೆಳೆಯಿತು. ಒಂದು ಬದಿಯ ಮೀಸೆ ಸರಿ, ಇನ್ನೊಂದು ಬದಿಯದು ಸೊಟ್ಟ. ಅದರ ಮೇಲೆ 2.10ರಲ್ಲಿ ಒಮ್ಮೆ ಒಪ್ಪಿಗೆ ಒತ್ತಿದರೆ ಆ ಸರಿಕೆ ಪದರದಲ್ಲಿ ಬೆರೆತುಹೋಗುತ್ತಿತ್ತು. ಕಡತ ಮುಚ್ಚಿ ತೆರೆದರೆ ಹಿಂದಕ್ಕೆ ಹೋಗುವ ದಾರಿಯೇ ಇಲ್ಲ. ಎರಡು ಸಂಜೆಗಳ ಗೆರೆ ಕೆಲಸವನ್ನು ನಾನು ಹೀಗೆ ಮೊದಲಿನಿಂದ ಬರೆದಿದ್ದೇನೆ. ಈಗ ಮೀಸೆ, ಹುಬ್ಬಿನಂಥ ದೊಡ್ಡ ಬಾಗುಗಳನ್ನು Warp Transform ಹಿಡಿದು ಕೈಯಿಂದಲೇ ಬಾಗಿಸುತ್ತೇನೆ. Displace ಇರುವುದು ಹಣೆಯ ಸುಕ್ಕಿಗೆ ಮಾತ್ರ, ಅದೂ ನಾಲ್ಕೈದು ಪಿಕ್ಸೆಲ್‌ಗಳಷ್ಟು, ಮೂಲ ಪದರದ ಪ್ರತಿಯೊಂದನ್ನು ಎತ್ತಿಟ್ಟುಕೊಂಡ ಮೇಲೆ.

ಕಿರೀಟದ ವಿಷಯದಲ್ಲಿ ತಂತ್ರಾಂಶದ ದೋಷವಿಲ್ಲ, ತಪ್ಪು ನನ್ನದು. ಮೇಳದವರು ಪೆಟ್ಟಿಗೆಯಿಂದ ತೆಗೆದುಕೊಟ್ಟ, ಬೇಗಡೆ ಅಂಟಿಸಿ ಕನ್ನಡಿ ಚೂರು ಕೂರಿಸಿದ ಮರದ ಕಿರೀಟವನ್ನು ಮೇಜಿನ ಮೇಲಿಟ್ಟು, ನಿಂತುಕೊಂಡೇ ಫೋಟೊ ತೆಗೆದೆ. ಮೇಲಿನಿಂದ ನೋಡಿದಾಗ ಅದರ ಕೆಳಪಟ್ಟಿಯ ನಡುಭಾಗ ಕೆಳಕ್ಕೆ ಜೋತಂತೆ ಕಾಣುತ್ತದೆ. ಭಾವಚಿತ್ರವನ್ನು ಕಣ್ಣಿನ ಮಟ್ಟದಲ್ಲಿ ತೆಗೆದಿದ್ದರಿಂದ ಹಣೆಯ ಮೇಲಿನ ಪಟ್ಟಿ ಅದಕ್ಕೆ ತದ್ವಿರುದ್ಧವಾಗಿ, ನಡುವೆ ತುಸು ಮೇಲಕ್ಕೆ ಬಾಗಬೇಕು. ಎಷ್ಟು ತಿದ್ದಿದರೂ ಕಿರೀಟ ಹಣೆಯಿಂದ ಜಾರುವಂತೆಯೇ ಕಂಡಿತು. ಕೊನೆಗೆ ಅದನ್ನು ಕಪಾಟಿನ ಮೇಲಿಟ್ಟು, ಎಡಗಡೆಯ ಕಿಟಕಿಯ ಬೆಳಕಿನಲ್ಲಿ, ಕ್ಯಾಮೆರಾವನ್ನು ಪಟ್ಟಿಗಿಂತ ತುಸು ಕೆಳಗೆ ಹಿಡಿದು ಮತ್ತೆ ತೆಗೆದೆ. ಕನ್ನಡಿ ಚೂರುಗಳಲ್ಲಿ ನನ್ನ ನೀಲಿ ಅಂಗಿ ಮೂಡಿತ್ತು, ಒಂದೊಂದನ್ನೂ ಅಳಿಸಬೇಕಾಯಿತು. ಪಟ್ಟಿ ಹಣೆಗೆ ತಾಗುವಲ್ಲಿ ಕೂದಲೆಳೆಯಷ್ಟು ಕಡುಕಂದು ಗೆರೆ, ಅದರ ಕೆಳಗೆ ಬಲಕ್ಕೆ ವಾಲಿದ ಅಗಲವಾದ ಮಸುಕು ನೆರಳು, ಹೀಗೆ ಎರಡನ್ನೂ ಹಾಕಿದ ಮೇಲೆ ಕಿರೀಟಕ್ಕೆ ಭಾರ ಬಂತು. ಕಪ್ಪು ನೆರಳು ಹಾಕಿದರೆ ಹಳದಿಯ ಮೇಲೆ ಮಸಿ ಹಿಡಿದಂತೆ ಕಾಣುತ್ತದೆ.

ಮಾರ್ಚ್ 2025ರಲ್ಲಿ 3.0 ಬಂದ ಮೇಲೆ ನನ್ನ ಬೇಸರ ಬಹಳ ಇಳಿಯಿತು. Curves ಮತ್ತು Gaussian Blur ಈಗ ಪದರದಲ್ಲಿ ಬೆರೆತುಹೋಗದೆ ಅದಕ್ಕೆ ಅಂಟಿಕೊಂಡೇ ಉಳಿಯುತ್ತವೆ, ಬೇಕೆಂದಾಗ ತೆರೆದು ಅಳತೆ ಬದಲಿಸಬಹುದು. ಅದರ ಬೆಲೆ ನನಗೆ ಗೊತ್ತಾದದ್ದು ಆ ಹೆಣ್ಣುಮಗಳು ಚಿತ್ರ ನೋಡಲು ಬಂದ ದಿನ. ಎಲ್ಲವನ್ನೂ ನೋಡಿ ಮೆಚ್ಚಿದವರು ಕೊನೆಗೆ, "ಅಣ್ಣಾ, ಅಪ್ಪಾಜಿ ಎಷ್ಟು ಬಣ್ಣ ಹಚ್ಚಿದ್ರೂ ಹಣೇಲಿ ಮೂರು ಗೆರೆ ಕಾಣ್ತಿದ್ವು" ಎಂದರು. ನೆರಳಿನ ಪದರದ ಮಸುಕನ್ನು ನಾನು ಹನ್ನೆರಡಕ್ಕೆ ಇಟ್ಟಿದ್ದೆ, ಗೆರೆಗಳು ಅದರಲ್ಲಿ ಕರಗಿಹೋಗಿದ್ದವು. ಅವರ ಎದುರಿಗೇ ಅದನ್ನು ತೆರೆದು ಎಂಟು, ಆರು, ನಾಲ್ಕು ಎಂದು ಇಳಿಸುತ್ತ ಬಂದೆ. ನಾಲ್ಕರಲ್ಲಿ ಅರದಾಳದ ಹಳದಿಯ ಕೆಳಗಿನಿಂದ ಮೂರೂ ಗೆರೆಗಳು ಎದ್ದು ಬಂದವು, ಕಿರೀಟದ ನೆರಳು ಮೇಲಿನ ಗೆರೆಯನ್ನು ಅರ್ಧ ಮುಚ್ಚಿತ್ತು. ಅವರು ಪರದೆಯ ಹತ್ತಿರ ಬಾಗಿ ಬೆರಳಿನಿಂದ ಒಂದೊಂದಾಗಿ ಎಣಿಸಿದರು.