ಸ್ಟಾರ್ಡ್ ಚೆಕ್‌ಲಿಸ್ಟ್: ವರ್ಷಗಟ್ಟಲೆ ಬಳಸಿದವನ ಒಂದು ದೂರು, ಒಂದು ಮೆಚ್ಚುಗೆ

ರೋಗ ಪತ್ತೆಹಚ್ಚುವ ಟೆಸ್ಟೊಂದು ಎಷ್ಟು ನಿಖರ ಎಂದು ಅಳೆಯುವ ಅಧ್ಯಯನದ ಪೇಪರಿನಲ್ಲಿ ಏನೇನು ಬರೆದಿರಬೇಕು ಎಂಬುದರ ಪಟ್ಟಿಯೇ ಸ್ಟಾರ್ಡ್. ಮೊದಲು ದೂರು. ಚೆಕ್‌ಲಿಸ್ಟಿನ ಬಲಗಡೆ ಪುಟಸಂಖ್ಯೆ ಬರೆಯಲು ಒಂದು ಕಾಲಂ ಇರುತ್ತದಲ್ಲ, ಅದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಪೇಪರ್ ಕಳಿಸುವ ಹಿಂದಿನ ರಾತ್ರಿ ಎಲ್ಲರೂ ಅದರಲ್ಲಿ 4, 5, 6 ಎಂದು ತುಂಬುತ್ತಾರೆ. ಆ ಪುಟದಲ್ಲಿ ಕೇಳಿದ ವಿಷಯ ನಿಜಕ್ಕೂ ಇದೆಯೇ ಎಂದು ಯಾರೂ ತೆರೆದು ನೋಡುವುದಿಲ್ಲ.

ಮೆಡಿಕಲ್ ಕಾಲೇಜಿನಲ್ಲಿ ಪಿಜಿ ಥೀಸಿಸ್‌ಗಳಿಗೆ ಗೈಡ್ ಆಗಿರುವುದರಿಂದ ಇಂಥ ಕರಡುಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಒಂದನ್ನು ಇಲ್ಲಿ ಬಿಡಿಸಿಡುತ್ತೇನೆ. ಲೆಕ್ಕ ಸುಲಭವಾಗಲೆಂದು ಸಂಖ್ಯೆಗಳನ್ನು ಬದಲಿಸಿದ್ದೇನೆ. ಜ್ವರದಿಂದ ಬಂದ 200 ಜನರಿಗೆ ಡೆಂಗಿಯ ಎನ್‌ಎಸ್1 ಕಾರ್ಡ್ ಟೆಸ್ಟ್ ಮಾಡಿ, ಅದನ್ನು ಆರ್‌ಟಿ-ಪಿಸಿಆರ್ ಜೊತೆ ಹೋಲಿಸಿದ ಅಧ್ಯಯನ ಅದು. ರೋಗಿಗಳನ್ನು ಒಂದೇ ಸಲ ನೋಡಿದ್ದರಿಂದ ವಿದ್ಯಾರ್ಥಿನಿ ಅದನ್ನು ಕ್ರಾಸ್-ಸೆಕ್ಷನಲ್ ಎಂದು ಕರೆದು, ಅಂಥ ವೀಕ್ಷಣಾ ಅಧ್ಯಯನಗಳಿಗೆಂದು ಇರುವ ಸ್ಟ್ರೋಬ್ ಪಟ್ಟಿಯನ್ನು ತೆಗೆದುಕೊಂಡು ಅದರ 22 ಅಂಶಗಳನ್ನೂ ತುಂಬಿದ್ದರು. ರೋಗಿಗಳನ್ನು ಸೇರಿಸಿಕೊಂಡ ರೀತಿಯನ್ನು ನೋಡಿದರೆ ಅದು ಸರಿಯೆಂದೇ ಅನಿಸುತ್ತದೆ. ಆದರೆ ಅಧ್ಯಯನ ಕೇಳುತ್ತಿದ್ದ ಪ್ರಶ್ನೆ ಬೇರೆ: ಈ ಕಾರ್ಡ್ ಎಷ್ಟು ನಂಬಿಕಸ್ತ? ಒಂದು ಟೆಸ್ಟನ್ನು ಇನ್ನೊಂದರ ಎದುರಿಗಿಟ್ಟು ಅಳೆದಿದ್ದರೆ ಬೇಕಾದದ್ದು 30 ಅಂಶಗಳ ಸ್ಟಾರ್ಡ್ 2015. equator-network.org ತಾಣದಲ್ಲಿ ಅದು ಡಯಾಗ್ನೋಸ್ಟಿಕ್ ಅಧ್ಯಯನಗಳ ಕೆಳಗೆ ಉಚಿತವಾಗಿ ಸಿಗುತ್ತದೆ.

ಪಟ್ಟಿ ಬದಲಾದ ಕೂಡಲೇ ಕರಡಿನ ತೂತುಗಳು ಕಾಣತೊಡಗಿದವು. ಕಾರ್ಡಿನ ಗೆರೆ ಮಸುಕಾಗಿ ಬಂದರೆ ಏನು ಮಾಡಿದಿರಿ ಎಂದು ಸ್ಟ್ರೋಬ್ ಹೆಸರಿಟ್ಟು ಕೇಳುವುದಿಲ್ಲ. ಸ್ಟಾರ್ಡಿನ 15ನೇ ಅಂಶ ಅದನ್ನೇ ಕೇಳುತ್ತದೆ. ಕರಡಿನ ಕೋಷ್ಟಕದಲ್ಲಿದ್ದದ್ದು 184 ಜನ. ಉಳಿದ 16 ಮಂದಿಯಲ್ಲಿ 6 ಜನರ ಸ್ಯಾಂಪಲ್ ಪಿಸಿಆರ್‌ಗೆ ಹೋಗಿರಲಿಲ್ಲ. 10 ಜನರ ಕಾರ್ಡಿನಲ್ಲಿ ಗೆರೆ ಮಸುಕಾಗಿತ್ತೆಂದು ಕೈಬಿಡಲಾಗಿತ್ತು. ಪಿಸಿಆರ್ ಪಾಸಿಟಿವ್ ಆದ 80 ಜನರಲ್ಲಿ ಕಾರ್ಡ್ 64 ಜನರನ್ನು ಹಿಡಿದಿತ್ತು, ಅಂದರೆ ಸೆನ್ಸಿಟಿವಿಟಿ ಶೇ. 80. ಕೈಬಿಟ್ಟ ಆ 10 ಜನರಲ್ಲಿ 8 ಜನರಿಗೆ ಪಿಸಿಆರ್ ಪಾಸಿಟಿವ್ ಇತ್ತು. ಮಸುಕು ಗೆರೆಯನ್ನು ನೆಗೆಟಿವ್ ಎಂದು ಓದಿದರೆ 88ರಲ್ಲಿ 64, ಸುಮಾರು ಶೇ. 73. ಪಾಸಿಟಿವ್ ಎಂದು ಓದಿದರೆ 88ರಲ್ಲಿ 72, ಸುಮಾರು ಶೇ. 82. ವಾರ್ಡಿನ ನರ್ಸಿಗೆ ಮಸುಕು ಗೆರೆಯ ಕಾರ್ಡನ್ನು ಬದಿಗಿಡುವ ಅನುಕೂಲ ಇಲ್ಲ. ಆ ಸಾಲು ಪೇಪರಿನಲ್ಲಿ ಬರಲೇಬೇಕಿತ್ತು.

ಇನ್ನೊಂದು, 22ನೇ ಅಂಶ: ಎರಡು ಟೆಸ್ಟುಗಳ ನಡುವಿನ ಅಂತರ. ಜ್ವರದ ಎರಡನೇ ದಿನ ಕಾರ್ಡ್ ಮಾಡಿ, ಏಳನೇ ದಿನದ ರಕ್ತ ಪಿಸಿಆರ್‌ಗೆ ಹೋಗಿದ್ದರೆ, ಅಷ್ಟರಲ್ಲಿ ರಕ್ತದಲ್ಲಿ ವೈರಸ್ ಇಳಿದು ಪಿಸಿಆರ್ ನೆಗೆಟಿವ್ ಬರಬಹುದು. ಆಗ ಸರಿಯಾಗಿ ಹೇಳಿದ ಕಾರ್ಡಿನ ಮೇಲೆ ಸುಳ್ಳು ಪಾಸಿಟಿವ್ ಎಂಬ ಅಪವಾದ ಬೀಳುತ್ತದೆ. ಕರಡಿನಲ್ಲಿ ಇದ್ದದ್ದು “ಸ್ಯಾಂಪಲ್‌ಗಳನ್ನು ಸಂಗ್ರಹಿಸಲಾಯಿತು” ಎಂಬ ಒಂದೇ ವಾಕ್ಯ. ಪುಟಸಂಖ್ಯೆಯ ಕಾಲಮ್ಮಿಗೆ ಅಷ್ಟು ಸಾಕು, ಓದುಗನಿಗೆ ಸಾಲದು.

ಹೀಗಾಗಿ ಆ ಕಾಲಮ್ಮನ್ನು ನಾನು ನನ್ನ ರೀತಿಯಲ್ಲೇ ಬಳಸುತ್ತೇನೆ. ಪಟ್ಟಿಯನ್ನು ಅಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಿ, ಪುಟಸಂಖ್ಯೆಯ ಬದಲು ಕರಡಿನ ವಾಕ್ಯವನ್ನೇ ಪೆನ್ಸಿಲಿನಲ್ಲಿ ನಕಲು ಮಾಡುತ್ತೇನೆ. ನಕಲು ಮಾಡಲು ವಾಕ್ಯ ಸಿಗದಿದ್ದರೆ ಆ ಅಂಶ ಪೇಪರಿನಲ್ಲಿ ಇಲ್ಲ ಎಂದೇ ಅರ್ಥ. ಕಾರ್ಡ್ ಓದಿದವರಿಗೆ ಪಿಸಿಆರ್ ಫಲಿತಾಂಶ ಗೊತ್ತಿತ್ತೇ ಎಂಬ 13ನೇ ಅಂಶದ ಎದುರು ಹೆಚ್ಚಿನ ಕರಡುಗಳಲ್ಲಿ ಖಾಲಿ ಜಾಗವೇ ಉಳಿಯುತ್ತದೆ. ಗೊತ್ತಿದ್ದರೆ ಗೊತ್ತಿತ್ತು ಎಂದು ಬರೆದರೂ ಸ್ಟಾರ್ಡಿಗೆ ಸಾಕು. ಅದು ಕೇಳುವುದು ಮಾಹಿತಿಯನ್ನು, ಒಳ್ಳೆಯ ಅಧ್ಯಯನವೆಂಬ ಸರ್ಟಿಫಿಕೇಟನ್ನಲ್ಲ. 30ಕ್ಕೆ 27 ಎಂದು ಅಂಕ ಕೂಡಿಸಿ ಪೇಪರಿನಲ್ಲಿ ಬರೆಯುವವರನ್ನು ಕಂಡರೆ ಬೇಸರವಾಗುವುದು ಇದಕ್ಕೇ.

ಇನ್ನು ಮೆಚ್ಚುಗೆ. ಪಟ್ಟಿಯ ಜೊತೆಗೆ 2016ರಲ್ಲಿ ಬಿಎಂಜೆ ಓಪನ್‌ನಲ್ಲಿ ಬಂದ ವಿವರಣೆಯ ಲೇಖನವೊಂದಿದೆ. ಪ್ರತಿ ಅಂಶಕ್ಕೂ ಪ್ರಕಟವಾದ ಪೇಪರುಗಳಿಂದ ಒಂದು ಒಳ್ಳೆಯ ಮಾದರಿ, ಅದು ಯಾಕೆ ಬೇಕು ಎಂಬ ಕಾರಣ, ಎರಡೂ ಅದರಲ್ಲಿವೆ. ಎರಡೇ ಪುಟದ ಪಟ್ಟಿಯನ್ನು ಮಾತ್ರ ಇಳಿಸಿಕೊಂಡವರಿಗೆ ಇದರ ಸುಳಿವೇ ಇರುವುದಿಲ್ಲ. ಫ್ಲೋ ಡಯಾಗ್ರಾಂ ಬರೆಯುವಾಗ ನಾನು ಈಗಲೂ ಅದನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳುತ್ತೇನೆ. 200, 6, 10, 184 ಎಂದು ಪೆಟ್ಟಿಗೆಗಳನ್ನು ಒಂದರ ಕೆಳಗೊಂದು ಬರೆದಾಗ ಬಚ್ಚಿಟ್ಟುಕೊಳ್ಳಲು ಯಾರಿಗೂ ಜಾಗ ಉಳಿಯುವುದಿಲ್ಲ.

ಥೀಸಿಸ್ ಶುರು ಮಾಡುವವರಿಗೆ ನನ್ನ ಕೋರಿಕೆ ಒಂದೇ: ಪಟ್ಟಿಯನ್ನು ಪ್ರೋಟೋಕಾಲ್ ಬರೆಯುವಾಗಲೇ ತೆರೆಯಿರಿ. ಕಾರ್ಡ್ ಓದಿದ ಸಮಯ, ಪಿಸಿಆರ್‌ಗೆ ರಕ್ತ ತೆಗೆದ ದಿನ, ಇವೆರಡೂ ಕೇಸ್ ಶೀಟಿನಲ್ಲಿ ದಾಖಲಾಗಿರದಿದ್ದರೆ, ಪೇಪರ್ ಬರೆಯುವ ಹೊತ್ತಿಗೆ ಯಾವ ಚೆಕ್‌ಲಿಸ್ಟೂ ಅವನ್ನು ತಂದುಕೊಡಲಾರದು.