ಬೆಂಕಿಯ ಬಿಸಿ ಲೆಕ್ಕ: ಮೂರು ದಾರಿಯಲ್ಲಿ ಮಾಡಿ ನೋಡಿದೆ

ಚಿಕ್ಕಬಳ್ಳಾಪುರದ ಹತ್ತಿರ ನಮ್ಮ ಮನೆಯಲ್ಲಿ ಗೋಬರ್ ಗ್ಯಾಸ್ ಒಲೆ ಇದೆ. ಬಿಎಸ್ಸಿ ಹುಡುಗರಿಗೆ ಟ್ಯೂಷನ್ ಮಾಡುವಾಗ ಒಬ್ಬ ಕೇಳಿದ, "ಸಾರ್, ಈ ಉರಿ ಹೆಚ್ಚೆಂದರೆ ಎಷ್ಟು ಬಿಸಿ ಆಗಬಹುದು?" ಅದಕ್ಕೆ ಬೇಕಾದದ್ದು ಅಡಿಯಾಬ್ಯಾಟಿಕ್ ಜ್ವಾಲೆಯ ತಾಪಮಾನ. ಅಂದರೆ ಹೊರಗೆ ಒಂದು ಚೂರೂ ಬಿಸಿ ಹೋಗದೆ, ಉರಿದು ಬಂದ ಶಾಖವೆಲ್ಲ ಹುಟ್ಟಿದ ಅನಿಲಗಳನ್ನೇ ಬಿಸಿ ಮಾಡಿದರೆ ಅವು ಎಲ್ಲಿಗೆ ಮುಟ್ಟುತ್ತವೆ ಅನ್ನೋದು. ಮೊದಲು ಶುದ್ಧ ಮೀಥೇನ್ ತಗೊಂಡು ಮೂರು ದಾರಿಯಲ್ಲೂ ಲೆಕ್ಕ ಹಾಕಿದೆ.

```
CH4 + 2 O2 + 7.52 N2 → CO2 + 2 H2O + 7.52 N2
T = 298 + 802300 / ΣnCp
```

802300 ಜೂಲ್ ಅನ್ನೋದು ಒಂದು ಮೋಲ್ ಮೀಥೇನ್ ಉರಿದು ನೀರು ಆವಿಯಾಗಿಯೇ ಉಳಿದಾಗ ಸಿಗುವ ಶಾಖ. ನೈಟ್ರೋಜನ್ ಉರಿಯುವುದಿಲ್ಲ, ಆದರೆ ಗಾಳಿ ಜೊತೆ ಬಂದಿರುತ್ತದೆ, ಅದನ್ನೂ ಬಿಸಿ ಮಾಡಬೇಕು. ಶಾಖದ ಅರ್ಧಕ್ಕಿಂತ ಜಾಸ್ತಿ ಅದಕ್ಕೇ ಹೋಗುತ್ತದೆ.

ಮೊದಲ ದಾರಿ ಎಲ್ಲಕ್ಕಿಂತ ಸುಲಭ: Cp, ಅಂದರೆ ಒಂದು ಮೋಲ್ ಅನಿಲವನ್ನು ಒಂದು ಕೆಲ್ವಿನ್ ಬಿಸಿ ಮಾಡೋಕೆ ಬೇಕಾದ ಶಾಖ, ಅದೇ ಹೀಟ್ ಕೆಪಾಸಿಟಿ; ಅದನ್ನು 298 ಕೆಲ್ವಿನ್‌ನಲ್ಲಿ ಇದ್ದಂಗೇ ಹಾಕೋದು. ಕಾರ್ಬನ್ ಡೈಆಕ್ಸೈಡ್‌ಗೆ 37.1, ನೀರಾವಿಗೆ 33.6, ನೈಟ್ರೋಜನ್‌ಗೆ 29.1. ಮೋಲ್ ಲೆಕ್ಕದಲ್ಲಿ ಗುಣಿಸಿ ಕೂಡಿದರೆ ಸುಮಾರು 323, ಉತ್ತರ 2780 ಕೆಲ್ವಿನ್. ಇದು ತಪ್ಪು, ಅದೂ ಸಣ್ಣ ತಪ್ಪಲ್ಲ. ಬಿಸಿ ಏರಿದಂತೆ ಅಣುಗಳು ಒಳಗೊಳಗೇ ಕಂಪಿಸೋಕೆ ಶುರು ಮಾಡಿ ಇನ್ನೂ ಶಾಖ ಕೇಳುತ್ತವೆ, ಆ ಬೇಡಿಕೆಯನ್ನು ಈ ಲೆಕ್ಕ ನೋಡುವುದೇ ಇಲ್ಲ.

ಎರಡನೇ ದಾರಿಯಲ್ಲಿ 1200 ಕೆಲ್ವಿನ್‌ನ ಬೆಲೆಗಳನ್ನು ಹಾಕಿದೆ: 56.2, 43.8, 33.7. ಮೊತ್ತ 397, ಉತ್ತರ 2317. ಐದು ನಿಮಿಷದ ಕೆಲಸ, ಪರವಾಗಿಲ್ಲ ಅನ್ನಿಸಿತು. ಆದರೆ 298 ಮತ್ತು 2300ರ ಸರಿಯಾದ ನಡುವು 1300 ಅಲ್ವಾ, ಅದನ್ನೇ ಹಾಕೋಣ ಅಂತ ಮಾಡಿದರೆ ಉತ್ತರ 2285ಕ್ಕೆ ಇಳಿಯಿತು. ಯಾಕೆ ಅಂತ ತುಂಬಾ ಹೊತ್ತು ಯೋಚಿಸಿದೆ. ಹೀಟ್ ಕೆಪಾಸಿಟಿ ಮೊದಲು ಬೇಗ ಏರುತ್ತದೆ, ಆಮೇಲೆ ಏರಿಕೆ ನಿಧಾನವಾಗುತ್ತದೆ. ಹಾಗಾಗಿ ನಡುವಿನ ಬೆಲೆ ನಿಜವಾದ ಸರಾಸರಿಗಿಂತ ಸ್ವಲ್ಪ ಜಾಸ್ತಿ ಇರುತ್ತದೆ, ಉತ್ತರ ಕೆಳಗೆ ಬೀಳುತ್ತದೆ. ಅದಕ್ಕೇ ನಡುವಿಗಿಂತ ನೂರು ಕೆಳಗಿನ ಬೆಲೆ ಇಲ್ಲಿ ಚೆನ್ನಾಗಿ ಹೊಂದುತ್ತದೆ.

ಮೂರನೆಯದು ನನಗೆ ಇಷ್ಟವಾದದ್ದು, ಎಂಥಾಲ್ಪಿ ಟೇಬಲ್. ಇಲ್ಲಿ ಹೀಟ್ ಕೆಪಾಸಿಟಿಯ ಸರಾಸರಿ ಊಹಿಸೋ ಗೋಜೇ ಇಲ್ಲ. 298ರಿಂದ ಆ ತಾಪಮಾನದವರೆಗೆ ಒಂದು ಮೋಲ್ ಎಷ್ಟು ಶಾಖ ನುಂಗುತ್ತದೆ ಅನ್ನೋದು ಟೇಬಲ್‌ನಲ್ಲೇ ಇರುತ್ತದೆ. 2300ರಲ್ಲಿ ಮೂರು ಅನಿಲಗಳದ್ದೂ ಕೂಡಿದರೆ ಸುಮಾರು 790 ಕಿಲೋಜೂಲ್, ನಮ್ಮ 802ಕ್ಕೆ ಕಡಿಮೆ. 2400ರಲ್ಲಿ 834, ಜಾಸ್ತಿ ಆಯಿತು. ನಡುವೆ ಗೆರೆ ಎಳೆದರೆ 2327. ಹತ್ತೇ ನಿಮಿಷ ಜಾಸ್ತಿ ಹಿಡಿಯಿತು, ಉತ್ತರದ ಮೇಲೆ ನಂಬಿಕೆ ಬಂತು.

ಒಂದು ಕಡೆ ಮಾತ್ರ ಎಚ್ಚರ ಬೇಕು. ನನ್ನ ಹುಡುಗರಲ್ಲಿ ಒಬ್ಬನಿಗೆ ಎರಡನೇ ದಾರಿಯಲ್ಲಿ 2538 ಬಂತು. ಗುಣಾಕಾರ, ಕೂಡಿಕೆ ಎಲ್ಲ ಸರಿ ಇತ್ತು. ನೋಡಿದರೆ 802ರ ಬದಲು 890 ಕಿಲೋಜೂಲ್ ಹಾಕಿದ್ದ. ಅದು ಆವಿ ಮತ್ತೆ ನೀರಾಗಿ ಇಳಿದಾಗ ಸಿಗುವ ಶಾಖವನ್ನೂ ಸೇರಿಸಿದ ಲೆಕ್ಕ. ಜ್ವಾಲೆಯಲ್ಲಿ ನೀರು ಆವಿಯಾಗಿಯೇ ಇರುತ್ತದೆ, ಆ 88 ಕಿಲೋಜೂಲ್ ನಮಗೆ ಸಿಗುವುದೇ ಇಲ್ಲ. ಗಾಳಿಯಲ್ಲಿ ಉರಿಯುವ ಮೀಥೇನ್‌ಗೆ 2500 ದಾಟಿದ ಉತ್ತರ ಬಂದರೆ ಮೊದಲು ಇದನ್ನೇ ನೋಡಿ.

ಟೇಬಲ್‌ಗೂ ಒಂದು ಮಿತಿ ಇದೆ. ಇಷ್ಟು ಬಿಸಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಸ್ವಲ್ಪ ಒಡೆದು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ, ನೀರಾವಿಯೂ ಸ್ವಲ್ಪ ಒಡೆಯುತ್ತದೆ, ಒಡೆಯೋಕೆ ಶಾಖ ಖರ್ಚಾಗುತ್ತದೆ. ಅದನ್ನು ಸೇರಿಸಿ ನಾಸಾದ `CEA` ಥರದ ಪ್ರೋಗ್ರಾಂನಲ್ಲಿ ಮಾಡಿದರೆ ಮೀಥೇನ್‌ಗೆ ಸುಮಾರು 2225 ಬರುತ್ತದೆ, ನೂರು ಕೆಲ್ವಿನ್ ಕಡಿಮೆ. ಗಾಳಿ ಜಾಸ್ತಿ ಬಿಟ್ಟು ಉರಿಸಿ ತಾಪಮಾನ 2000ಕ್ಕಿಂತ ಚೆನ್ನಾಗಿ ಕೆಳಗೆ ಇದ್ದರೆ ಈ ಒಡೆಯುವಿಕೆ ತುಂಬಾ ಕಡಿಮೆ, ಆಗ ಟೇಬಲ್ಲೇ ಸಾಕು. (ಆಗ ಉಳಿದ ಆಕ್ಸಿಜನ್ನನ್ನೂ ಮೊತ್ತಕ್ಕೆ ಸೇರಿಸಬೇಕು.)

ಇನ್ನು ನಮ್ಮ ಒಲೆ. ಗೋಬರ್ ಗ್ಯಾಸ್‌ನಲ್ಲಿ 60 ಪಾಲು ಮೀಥೇನ್, 40 ಪಾಲು ಕಾರ್ಬನ್ ಡೈಆಕ್ಸೈಡ್ ಅಂದುಕೊಂಡೆ. ಆಗ ಒಂದು ಮೋಲ್ ಮೀಥೇನ್ ಜೊತೆ 0.67 ಮೋಲ್ ಕಾರ್ಬನ್ ಡೈಆಕ್ಸೈಡ್ ಸುಮ್ನೆ ಬರುತ್ತದೆ, ಶಾಖ ಕೊಡುವುದಿಲ್ಲ, ಪಾಲು ಮಾತ್ರ ಕೇಳುತ್ತದೆ. ಟೇಬಲ್‌ನಲ್ಲಿ 2100ಕ್ಕೆ 768, 2200ಕ್ಕೆ 816 ಬಂತು, ಅಂದರೆ ಸುಮಾರು 2170 ಕೆಲ್ವಿನ್. ಶುದ್ಧ ಮೀಥೇನ್‌ಗಿಂತ 150ರಷ್ಟು ಕಡಿಮೆ, ಅದೂ ಗ್ಯಾಸ್‌ನಲ್ಲಿರುವ ತೇವವನ್ನು ಇನ್ನೂ ಸೇರಿಸದೆ.